ಹದಿನಾಲ್ಕನೆಯ ಷರತ್ತಿನ ಸಾಕ್ಷಿ

ಕಾರ್ಖಾನೆಯ ಗೇಟು ದಾಟಿ ಒಳಗೆ ಬಂದರೆ ಎಡಗಡೆ ಮೊದಲು ಸಿಗುವುದೇ ಸಹಿಯಕ್ಕನ ಮೇಜು. ಅದರ ಒಂದು ಕಾಲು ಗಿಡ್ಡ, ಅಡಿಯಲ್ಲಿ ಮಡಚಿದ ರಟ್ಟು. ಮೇಲೆ ಹೆಬ್ಬೆಟ್ಟಿನ ಶಾಯಿಡಬ್ಬಿ, ಒದ್ದೆ ಬಟ್ಟೆ, ದಾರ ಕಟ್ಟಿದ ಎರಡು ಪೆನ್ನು. ದಿನಕ್ಕೆ ಸಾವಿರಾರು ಅಂಗಿ ಹೊಲಿದು ಹೊರಗೆ ಕಳಿಸುವ ಆ ಜಾಗದಲ್ಲಿ ಒಂದು ಅಂಗಿಯೂ ಕಾಣೆಯಾಗುವುದಿಲ್ಲ, ಪೆನ್ನು ಮಾತ್ರ ಕಾಣೆಯಾಗುತ್ತದೆ. ಅದಕ್ಕೇ ದಾರ.

ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೂ ಒಂದಿದೆ. ಅದು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರುವವರಿಂದ ಕರಾರು ಪತ್ರಕ್ಕೆ ಸಹಿ ಹಾಕಿಸುವುದು ಅವಳ ಕೆಲಸ, ಹಾಗಾಗಿ ಸಹಿಯಕ್ಕ. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವನಾದ ಗೇಟಿನ ಕಾವಲುಗಾರನೂ ಅಕ್ಕ ಅಂತಲೇ ಕರೆಯುತ್ತಾನೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ರೂಢಿಯಾಯಿತು.

ಸಹಿ ಹಾಕಿಸುವುದೇನು ಮಹಾ ಕೆಲಸ ಎಂದು ನಿಮಗನ್ನಿಸಬಹುದು. ಅವಳ ಎದುರು ಒಂದು ಸಲ ಕೂತು ನೋಡಬೇಕು. ಕರಾರು ಪತ್ರದಲ್ಲಿ ಹತ್ತೊಂಬತ್ತು ಷರತ್ತು. ಒಂದೊಂದನ್ನೂ ಗಟ್ಟಿಯಾಗಿ ಓದುತ್ತಾಳೆ. ಓದಿ ಬೆರಳಿಟ್ಟುಕೊಂಡು ಎದುರಿನವರ ಮುಖ ನೋಡುತ್ತಾಳೆ. "ಏನು ಅರ್ಥ ಆಯ್ತು, ನಿನ್ನ ಬಾಯಲ್ಲಿ ಹೇಳು." ಬರಿದೇ ಹೂಂ ಅಂದರೆ ಬಿಡುವವಳಲ್ಲ. "ಹೂಂ ಅಂತ ನಮ್ಮನೆ ಗೋಡೆ ಗಡಿಯಾರಾನೂ ಹೇಳುತ್ತೆ. ಬಿಡಿಸಿ ಹೇಳು." ಹೇಳಿದರೆ ಮಾತ್ರ ಮುಂದಿನದಕ್ಕೆ ಹೋಗುವುದು. ಹತ್ತೊಂಬತ್ತೂ ಮುಗಿದ ಮೇಲೆ ಕೊನೆಯಲ್ಲಿ ತನ್ನ ಮುತ್ತಿನಂಥ ಅಕ್ಷರದಲ್ಲಿ 'ಓದಿ ಹೇಳಲಾಗಿದೆ. ಅರ್ಥವಾಗಿದೆ' ಎಂದು ಬರೆದು, ಸಾಕ್ಷಿಯ ಜಾಗದಲ್ಲಿ ತಾನೂ ಸಹಿ ಹಾಕುತ್ತಾಳೆ. ಒಬ್ಬರಿಗೆ ಮುಕ್ಕಾಲು ಗಂಟೆ. ಮೇಲ್ವಿಚಾರಕರು ಗಡಿಯಾರ ತೋರಿಸಿ ಗೊಣಗಿದರೂ ಅವಳು ಜಗ್ಗುವುದಿಲ್ಲ.

ಈ ಹಟಕ್ಕೆ ಕಾರಣವಿತ್ತು. ಹತ್ತೊಂಬತ್ತರ ಹರೆಯದಲ್ಲಿ ಅವಳು ಇದೇ ಕಾರ್ಖಾನೆಗೆ ಸೇರಿದಾಗ ಇದೇ ಮೇಜಿನ ಹಿಂದೆ ಕೂತಿದ್ದ ಗುಮಾಸ್ತರು ಹಾಳೆಗಳನ್ನು ಸರಸರ ತಿರುವಿ, "ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ" ಎಂದಿದ್ದರು. ಅವಳು ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ ಸಹಿ ಹಾಕಿದ್ದಳು. ಹೊಲಿದ ಅಂಗಿಯ ಮೇಲೆ ಉಳಿದ ದಾರದ ಚೂರು ಕತ್ತರಿಸುವ ಕೆಲಸದಿಂದ ಶುರುಮಾಡಿ, ನಾಲ್ಕು ವರ್ಷಕ್ಕೆ ಕಾಲರ್ ಹೊಲಿಯುವ ಮಶೀನಿಗೆ ಬಂದಳು. ಅಂಗಿಯಲ್ಲಿ ಕಾಲರ್ ಹೊಲಿಯುವುದೇ ಕಷ್ಟದ್ದು, ಆ ಸಾಲಿನವರಿಗೆ ಒಂದು ಗತ್ತು. ಆ ಗತ್ತಿನಲ್ಲಿರುವಾಗಲೇ ಮಗಳು ಹೊಟ್ಟೆಯಲ್ಲಿ ಬಂದಳು. ಐದನೆಯ ತಿಂಗಳಲ್ಲಿ ಗುಮಾಸ್ತರು ಕರೆದು ಹದಿನಾಲ್ಕನೆಯ ಷರತ್ತು ತೋರಿಸಿದರು. 'ಹೆರಿಗೆ ರಜೆ ಹಾಗೂ ಅದಕ್ಕೆ ಸಂಬಂಧಿಸಿದ ಕಾನೂನಿನ ಎಲ್ಲ ಹಕ್ಕುಗಳನ್ನು ನಾನು ಸ್ವಇಚ್ಛೆಯಿಂದ ಬಿಟ್ಟುಕೊಡುತ್ತೇನೆ. ಗರ್ಭಿಣಿಯಾದಲ್ಲಿ ಐದನೆಯ ತಿಂಗಳೊಳಗೆ ಕೆಲಸ ಬಿಡುತ್ತೇನೆ.' ಕೆಳಗೆ ಅವಳದೇ ಸಹಿ, ಎಷ್ಟು ಚೆಂದವಾಗಿ ಬರೆದಿದ್ದಳು ಅಂದರೆ ಇಲ್ಲ ಅನ್ನುವ ಹಾಗೇ ಇರಲಿಲ್ಲ.

ಬಿಟ್ಟು ಹೋದಳು. ಮಗಳಿಗೆ ಮೂರು ವರ್ಷವಾದಾಗ ಮತ್ತೆ ಬಂದು ದಾರ ಕತ್ತರಿಸುವ ಜಾಗದಿಂದಲೇ ಶುರುಮಾಡಿದಳು. ಅವಳ ಅಕ್ಷರ ಕಂಡ ಯಾರೋ ಒಬ್ಬರು ಈ ಮೇಜಿಗೆ ಕೂರಿಸಿದರು. ಕೂತ ದಿನವೇ ಅವಳು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು, ತಾನಿರುವ ತನಕ ಓದದೆ ಯಾರೂ ಸಹಿ ಹಾಕಕೂಡದು. ತನಗಾದ ಅನ್ಯಾಯವೆಂದರೆ ಯಾರೂ ಓದಿ ಹೇಳದೇ ಇದ್ದದ್ದು, ಅಷ್ಟೇ ಎಂದು ಅವಳು ನಂಬಿದ್ದಳು. ಹದಿನಾರು ವರ್ಷ ಹಾಗೆಯೇ ನಂಬಿಕೊಂಡು ಹದಿನಾಲ್ಕನೆಯ ಷರತ್ತನ್ನು ಸ್ಪಷ್ಟವಾಗಿ, ನಿಧಾನವಾಗಿ ಓದಿ ಹೇಳುತ್ತಾ ಬಂದಳು. ಪಾಪ, ಎಷ್ಟು ಪ್ರಾಮಾಣಿಕವಾಗಿ!

ಹೀಗಿರುವಾಗ ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಕಾಲರ್ ಬಂದು ಮೇಜಿನ ಮುಂದೆ ನಿಂತಳು. ಕಾಲರ್ ಎಂದರೆ ಕಾಲರ್ ಸಾಲಿನ ಮುಂದಾಳು ಹುಡುಗಿ. ಎಲ್ಲರೂ ಹಾಗೇ ಕರೆಯುವುದು. ನಾಲ್ಕು ವರ್ಷದಲ್ಲಿ ಆ ಸಾಲಿಗೆ ಅವಳನ್ನು ಮೀರಿಸುವ ಕೈ ಬಂದಿರಲಿಲ್ಲ. ಗಂಡ ಲಾರಿಯಲ್ಲಿ ದೂರದೂರಿಗೆ ಹೋಗುವವನು, ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಮನೆ ನಡೆಯುವುದು ಅವಳ ಕೈಯಿಂದ.

"ಅಕ್ಕಾ, ಒಂದು ರಾಜೀನಾಮೆ ಬರ್ಕೊಡ್ತೀರಾ? ನನ್ನ ಅಕ್ಷರ ಕೋಳಿ ಕೆದರಿದಂಗಿರುತ್ತೆ."

ಸಹಿಯಕ್ಕ ಕನ್ನಡಕ ತೆಗೆದಳು. ಹುಡುಗಿಯ ಹೊಟ್ಟೆ ನೋಡಿದಳು. "ಎಷ್ಟು ತಿಂಗಳು?"

"ಐದು ತುಂಬ್ತಾ ಬಂತು. ಮ್ಯಾನೇಜರು ಕರೆದು ಕಾಗದ ತೋರ್ಸಿದ್ರು. ತೋರ್ಸೋದೇನೂ ಬೇಕಿರ್ಲಿಲ್ಲ, ನಂಗೆ ನೆನಪೇ ಇತ್ತು."

"ಏನಂತ ನೆನಪಿತ್ತು?"

"ನೀವೇ ಓದಿ ಹೇಳಿದ್ರಲ್ಲಕ್ಕ. ನಾನೇ ನನ್ನ ಬಾಯಲ್ಲಿ ಹೇಳಿದ್ದೆ, ಮಗು ಆಗೋ ಹಾಗಿದ್ರೆ ಹೋಗ್ತೀನಿ ಅಂತ. ಕೊಟ್ಟ ಮಾತು ಕೊಟ್ಟಿದ್ದೇ ಅಲ್ವಾ?" ಅಂದವಳು ತನ್ನ ಸಾಲಿನ ಕಡೆ ತಿರುಗಿ ನೋಡಿದಳು. "ಮಶೀನಿಗೆ ಯಾರನ್ನ ಕೂರಿಸ್ತಾರೋ ಏನೋ. ಸೂಜಿ ಬಿಗಿ ಮಾಡೋದು ಸರಿಯಾಗಿ ಗೊತ್ತಿರ್ಬೇಕು ಅದಕ್ಕೆ."

ಸಹಿಯಕ್ಕ ಒಂದು ಬಿಳಿ ಹಾಳೆ ಎಳೆದುಕೊಂಡಳು. ಪೆನ್ನು ಎತ್ತಿಕೊಂಡಳು, ಹಾಳೆಯ ಮೇಲೆ ತಾರೀಕು ಬರೆದಳು, ಮುಂದೆ ಕೈ ಓಡಲಿಲ್ಲ. "ಶಾಯಿ ಮುಗಿದಿದೆ ಕಣೇ. ನಾಳೆ ಬಾ" ಎಂದಳು. ಇನ್ನೊಂದು ಪೆನ್ನು ಅಲ್ಲೇ ದಾರದಲ್ಲಿ ನೇತಾಡುತ್ತಿತ್ತು. ಇಬ್ಬರೂ ಅದನ್ನು ನೋಡಿದರು.

ಮರುದಿನ ಬಂದದ್ದು ಕಾಲರ್ ಅಲ್ಲ, ಅವಳ ಅತ್ತೆ. ಶಾಲೆಯೊಂದರಲ್ಲಿ ಗುಡಿಸಿ ಒರೆಸುವ ಕೆಲಸದವಳು, ಪೊರಕೆ ಹಿಡಿದ ಕೈಯಲ್ಲೇ ಬಂದಂತಿತ್ತು. ಗೇಟಿನವನು ತಡೆಯುವ ಮೊದಲೇ ಒಳಗೆ ನುಗ್ಗಿದಳು.

"ಯಾರಮ್ಮಾ ಇಲ್ಲಿ ಸಹಿಯಕ್ಕ? ನೀವೇನಾ? ನನ್ನ ಸೊಸೆ ಹತ್ರ ಏನೇನು ಬರೆಸ್ಕೊಂಡಿದ್ದೀರಿ ನೀವು? ಮಗು ನೋಡ್ಕೊಳ್ಳೋಕೆ ನಾನಿದ್ದೀನಿ. ಕೆಲಸ ಬಿಡು ಅನ್ನೋಕೆ ನೀವ್ಯಾರು? ನನ್ನನ್ನ ಒಂದು ಮಾತು ಕೇಳಿದ್ರಾ?"

"ಅಮ್ಮಾ, ಅವಳೇ ಒಪ್ಪಿ..."

"ಒಪ್ತಾಳೆ! ಅದಕ್ಕೆ ಎಲ್ಲಾದಕ್ಕೂ ಒಪ್ಪೋ ಬುದ್ಧಿ. ನಾನು ಹೇಳಿದ್ದಕ್ಕೊಂದು ಬಿಟ್ಟು." ಹಾಗಂದು ಅಲ್ಲೇ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಮ್ಮ ಕಡೆ ಸೊಸೆಗಾಗಿ ಅಳುವ ಅತ್ತೆಯನ್ನು ನೀವು ಕಂಡಿದ್ದೀರೋ ಇಲ್ಲವೋ, ಸಹಿಯಕ್ಕನಿಗಂತೂ ಅದೇ ಮೊದಲು.

ರಾಜೀನಾಮೆ ಬರಲಿಲ್ಲ. ನಾಲ್ಕು ದಿನ ಕಾದ ಮ್ಯಾನೇಜರು ಕೆಲಸದಿಂದ ತೆಗೆಯುವ ಪತ್ರವನ್ನೇ ಕೊಟ್ಟರು, 'ಷರತ್ತು ಹದಿನಾಲ್ಕರಂತೆ' ಎಂಬ ಕಾರಣದೊಂದಿಗೆ. ಅತ್ತೆ ಅದನ್ನು ಮಡಚಿ ಕುಪ್ಪಸದಲ್ಲಿಟ್ಟುಕೊಂಡು, ಸೊಸೆಯ ಕೈ ಹಿಡಿದು, ಕಾರ್ಮಿಕ ಇಲಾಖೆಯ ಕಚೇರಿಗೆ ಎಳೆದುಕೊಂಡು ಹೋದಳು. ವಾರದೊಳಗೆ ಕಾರ್ಖಾನೆಗೆ ವಿಚಾರಣೆಯ ನೋಟಿಸು ಬಂತು.

ಮ್ಯಾನೇಜರು ಕೆಟ್ಟವರೇನಲ್ಲ, ಹೆದರುಪುಕ್ಕಲು ಮನುಷ್ಯ. ದೊಡ್ಡ ಕಚೇರಿಯಿಂದ ಬಂದ ಫಾರಮ್ಮು ಅವರ ಪಾಲಿಗೆ ಶಾಸನ. ಸಹಿಯಕ್ಕನನ್ನು ಕರೆದು ಕುರ್ಚಿ ತೋರಿಸಿದರು. "ನೀವು ಬರ್ಬೇಕು ಸಾಕ್ಷಿಗೆ. ಓದಿ ಹೇಳ್ದೆ, ಅವಳು ಅರ್ಥ ಮಾಡ್ಕೊಂಡ್ಲು, ಇಷ್ಟಪಟ್ಟು ಸಹಿ ಹಾಕಿದ್ಲು. ಇದ್ದದ್ದು ಇದ್ದ ಹಾಗೆ ಹೇಳಿ, ಸಾಕು. ನಿಮ್ಮಷ್ಟು ಚೊಕ್ಕವಾಗಿ ಸಹಿ ಹಾಕಿಸೋರು ಬೇರೆ ಯಾರಿದಾರೆ? ನೀವಿರೋದ್ರಿಂದ ನಾವು ಗೆದ್ವಿ ಅಂತಲೇ ಲೆಕ್ಕ."

ಹದಿನಾರು ವರ್ಷದಲ್ಲಿ ಸಿಕ್ಕ ಮೊದಲ ಹೊಗಳಿಕೆ. ಅವಳಿಗೆ ಅದು ಬೇಡವಾಗಿತ್ತು.

ಸಂಜೆ ಮನೆಯಲ್ಲಿ ಗಂಡ ಕಿಟಕಿಯ ಬೆಳಕಿಗೆ ಕೂತು ಯಾರದೋ ಗಡಿಯಾರ ಬಿಚ್ಚಿದ್ದ. ಅವನು ಗಡಿಯಾರ ರಿಪೇರಿಯವನು. ಅವಳು ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು.

"ಓದಿ ಹೇಳ್ಲಿಲ್ಲ ಅಂದ್ಬಿಡ್ಲಾ ರೀ? ಅವತ್ತು ಜನ ಜಾಸ್ತಿ ಇದ್ರು, ಮರೆತೆ ಅಂತ. ಆ ಹುಡುಗಿ ಉಳ್ಕೊತಾಳೆ."

ಗಂಡ ಕಣ್ಣಿಗಿಟ್ಟಿದ್ದ ಮಸೂರ ತೆಗೆಯದೆಯೇ ತಲೆಯೆತ್ತಿದ. "ನೀನು ಸುಳ್ಳು ಹೇಳಿದ್ರೆ ಮೂಗಿನ ತುದಿ ಕೆಂಪಾಗುತ್ತೆ. ಮದುವೆಯಾದಾಗಿಂದ ನೋಡ್ತಿದ್ದೀನಿ."

"ತಮಾಷೆ ಬೇಡ."

"ತಮಾಷೆ ಅಲ್ಲ ಮಾರಾಯ್ತಿ. ನಿಂಗೆ ಈ ಕೆಲಸದಲ್ಲಿ ನಿಂದು ಅಂತ ಇರೋದು ಅದೊಂದೇ. ನೀನು ಓದದೆ ಸಹಿ ಹಾಕ್ಸಲ್ಲ ಅನ್ನೋದು. ಅದನ್ನೂ ಅವರಿಗೆ ಕೊಟ್ಬಿಟ್ರೆ ನಾಳೆ ಆ ಮೇಜಿಗೆ ಯಾವ ಮುಖ ಹೊತ್ಕೊಂಡು ಹೋಗ್ತೀಯ?" ಮತ್ತೆ ಗಡಿಯಾರದ ಮೇಲೆ ಬಗ್ಗಿ ಮೆತ್ತಗೆ ಅಂದ, "ಆದ್ರೂ ನಿಂಗೆ ಏನು ಅನ್ಸುತ್ತೋ ಅದನ್ನೇ ಮಾಡು. ನಾನೇನೂ ಅನ್ನಲ್ಲ."

ಕಾರ್ಮಿಕ ಇಲಾಖೆಯ ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಕಾಲರ್ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಾ ಬೆಂಚಿನ ಮೇಲೆ ಕೂತಿದ್ದಳು. ಸಹಿಯಕ್ಕನನ್ನು ಕಂಡು ನಕ್ಕಳು. ಆ ನಗುವಿನಲ್ಲಿ ಒಂದು ಚೂರೂ ಸಿಟ್ಟಿರಲಿಲ್ಲ, ಸಹಿಯಕ್ಕನಿಗೆ ಅದನ್ನೇ ತಡೆಯಲಾಗಲಿಲ್ಲ. ಅತ್ತೆ ಮಾತ್ರ ಮುಖ ತಿರುಗಿಸಿದಳು.

ಒಳಗೆ ಅಧಿಕಾರಿಣಿ. ಕನ್ನಡಕದ ಒಂದು ಕಡ್ಡಿಗೆ ಟೇಪು ಸುತ್ತಿತ್ತು. ಮೇಜಿನ ಎರಡೂ ಕಡೆ ಕಡತಗಳ ಗುಡ್ಡ, ನಡುವಿನ ಕಣಿವೆಯಲ್ಲಿ ಅವರ ಮುಖ. ಮ್ಯಾನೇಜರು ಕರಾರು ಪತ್ರ ಮುಂದಿಟ್ಟು, ಗಂಟಲು ಸರಿಮಾಡಿಕೊಂಡರು. "ಮೇಡಂ, ನಾವು ಯಾರನ್ನೂ ಮೋಸ ಮಾಡಿಲ್ಲ. ಸಾಕ್ಷೀನ ಕರ್ಕೊಂಡು ಬಂದಿದ್ದೀನಿ."

ಅಧಿಕಾರಿಣಿ ಸಹಿಯಕ್ಕನ ಕಡೆ ತಿರುಗಿದರು. "ಈ ಸಹಿ ನಿಮ್ದಾ?"

"ನಂದೇ ಮೇಡಂ."

"ಓದಿ ಹೇಳಲಾಗಿದೆ, ಅರ್ಥವಾಗಿದೆ ಅಂತ ಬರ್ದಿದ್ದೀರಿ. ನಿಜವಾಗ್ಲೂ ಓದಿ ಹೇಳಿದ್ರಾ?"

ಫ್ಯಾನು ಟಕ್ ಟಕ್ ಎನ್ನುತ್ತಿತ್ತು. ಸಹಿಯಕ್ಕ ಕಾಗದದ ಮೇಲಿದ್ದ ತನ್ನ ಸಹಿ ನೋಡಿದಳು. ಇಲ್ಲ ಅನ್ನಬೇಕು, ಒಂದೇ ಒಂದು ಮಾತು, ಆ ಹುಡುಗಿಯ ಮಶೀನು ಅವಳಿಗೇ ಉಳಿಯುತ್ತದೆ. ಬಾಯಿ ತೆರೆದಳು. ಕಾಲರ್‌ನ ಮುಖ ನೋಡಿದಳು. ಅವಳು ತನ್ನಷ್ಟಕ್ಕೆ ತಲೆಯಾಡಿಸಿ, ಹೇಳಿ ಅಕ್ಕ, ಪರವಾಗಿಲ್ಲ ಎನ್ನುವ ಹಾಗೆ ಕಣ್ಣಲ್ಲೇ ಹೇಳಿದಳು.

"ಓದಿ ಹೇಳ್ದೆ ಮೇಡಂ" ಎಂದಳು ಸಹಿಯಕ್ಕ. "ಎರಡು ಸಲ ಓದಿದೆ. ಅವಳ ಬಾಯಲ್ಲೂ ಹೇಳಿಸ್ದೆ. ಅವಳಿಗೆ ಅರ್ಥ ಆಗಿತ್ತು." ಕಾಲರ್ ಕಡೆ ಕೈ ತೋರಿಸಿದಳು. "ಆದ್ರೆ ನಾನು ಓದಿದೆ ಅನ್ನೋ ಒಂದೇ ಕಾರಣಕ್ಕೆ ಇವಳು ಮನೆಗೆ ಹೋಗ್ಬೇಕಾದ್ರೆ, ನಾನು ಯಾಕಾದ್ರೂ ಓದಿದ್ನೋ ಅನ್ಸುತ್ತೆ."

ಅತ್ತೆ ಹಣೆ ಹಣೆ ಚಚ್ಚಿಕೊಂಡಳು. "ಮುಗೀತಲ್ಲ! ಹಾಳಾಗೋಯ್ತು!" ಮ್ಯಾನೇಜರ ಮುಖ ಅರಳಿತು.

"ಸ್ವಲ್ಪ ಇರಿ" ಎಂದರು ಅಧಿಕಾರಿಣಿ. "ಅಮ್ಮಾ, ನೀವು ಸತ್ಯ ಹೇಳಿದ್ದು ಒಳ್ಳೇದಾಯ್ತು. ಆದ್ರೆ ನೀವು ಓದಿದ್ರೂ ಅಷ್ಟೇ, ಓದದಿದ್ರೂ ಅಷ್ಟೇ. ಹತ್ತು ಸಲ ಓದಿ, ಅವಳಿಗೆ ಬಾಯಿಪಾಠ ಮಾಡಿಸಿದ್ರೂ ಅಷ್ಟೇ. ಈ ಹದಿನಾಲ್ಕನೇ ಷರತ್ತಿಗೆ ಬೆಲೆ ಇಲ್ಲ."

ಯಾರಿಗೂ ಒಮ್ಮೆಗೇ ಅರ್ಥವಾಗಲಿಲ್ಲ. "ಅವಳು ಒಪ್ಪಿ ಸಹಿ ಹಾಕಿದಾಳಲ್ಲ ಮೇಡಂ?" ಎಂದರು ಮ್ಯಾನೇಜರು.

"ಒಪ್ಪಿರ್ಬಹುದು. ಕಾನೂನು ಒಪ್ಬೇಕಲ್ಲ? ಹೆರಿಗೆ ರಜೆ ನೀವು ಕೊಡೋ ಉಡುಗೊರೆ ಅಲ್ಲ. ಕಾನೂನು ಕೊಟ್ಟಿರೋದು. ಇದಕ್ಕಿಂತ ಕಮ್ಮಿಗೆ ಯಾರನ್ನೂ ದುಡಿಸ್ಕೊಳ್ಳಕೂಡದು ಅಂತ ಒಂದು ಗೆರೆ ಎಳೆದಿದೆ. ಆ ಗೆರೆಗಿಂತ ಜಾಸ್ತಿ ಏನಾದ್ರೂ ಕೊಡ್ತೀವಿ ಅಂತ ನೀವು ಬರ್ಕೊಂಡ್ರೆ, ಅದು ನಿಮ್ಮಿಬ್ಬರ ಮಾತು. ಕೆಳಗಿಳಿಯೋದು ಮಾತ್ರ ಆಗಲ್ಲ. ನಾಳೆ ಬೆಂಕಿ ಬಿದ್ರೂ ಬಾಗಿಲು ತೆಗೀಬೇಡಿ ಅಂತ ಕೆಲಸದವರೆಲ್ಲ ಬರ್ದು ಕೊಟ್ರೆ, ನಿಮಗೆ ಬೀಗ ಹಾಕೋಕೆ ಬಿಡ್ತೀನಾ?"

"ಹಾಗಾದ್ರೆ ಕರಾರು ಪತ್ರವೇ ರದ್ದಾ?"

"ಯಾಕೆ ರದ್ದು? ಅದೊಂದು ಷರತ್ತು ಬಿದ್ದೋಯ್ತು, ಮಿಕ್ಕ ಹದಿನೆಂಟರಲ್ಲಿ ಕಾನೂನಿಗೆ ಸರಿಯಾಗಿರೋದು ನಿಲ್ಲುತ್ತೆ. ಕೆಲಸ ಬಿಡೋದಾದ್ರೆ ಮುಂಚೆ ತಿಳಿಸ್ಬೇಕು ಅಂತಿದೆಯಲ್ಲ, ಅದಕ್ಕೆ ಇವಳೂ ಬದ್ಧಳೇ."

ಮ್ಯಾನೇಜರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಈಗ ಹೊಸದಾಗಿ ರಾಜಿ ಪತ್ರ ಬರೆಸ್ಕೊಂಡ್ರೆ?"

"ಜಗಳ ಹುಟ್ಟಿದ ಮೇಲೆ ರಾಜಿ ಮಾಡ್ಕೊಳ್ಳೋಕೆ ದಾರಿ ಇದೆ. ನನ್ನ ಎದುರು, ಇಬ್ಬರೂ ತಿಳ್ಕೊಂಡು ಮಾಡೋದು. ಆದ್ರೆ ಈ ರಜೆ ಕಿತ್ಕೊಳ್ಳೋ ರಾಜಿಗೆ ನಾನು ಮುದ್ರೆ ಹಾಕಲ್ಲ. ಇನ್ನು ಹೊಟ್ಟೆಲಿ ಮಗು ಬರೋ ಮುಂಚೆಯೇ, ಕೆಲಸಕ್ಕೆ ಸೇರೋ ದಿನವೇ ಹಕ್ಕನ್ನ ಬರೆಸ್ಕೊಂಡಿದ್ದೀರಲ್ಲ, ಅದಂತೂ ಮಾತೇ ಅಲ್ಲ." ಹಾಗಂದವರು ಹಾಜರಿ ಪುಸ್ತಕ ತರಿಸಿಕೊಂಡು ಕಾಲರ್ ಎಷ್ಟು ದಿನ ಕೆಲಸ ಮಾಡಿದ್ದಾಳೆಂದು ನೋಡಿದರು. ರಜೆ ಸಿಗಲು ಇಷ್ಟು ದಿನ ದುಡಿದಿರಬೇಕೆಂಬ ನಿಯಮಕ್ಕೆ ಅದು ಬೇಕಾದಷ್ಟಿತ್ತು.

ಕಾಲರ್ ಆಗ ಬಾಯಿ ಬಿಟ್ಟಳು. "ಮೇಡಂ, ನಾನು ಮಾತು ಕೊಟ್ಟಿದ್ನಲ್ಲ. ಮಾತಿಗೆ ತಪ್ಪಿದಂಗಾಗಲ್ವಾ?"

ಅಧಿಕಾರಿಣಿ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ನಿಂದಲ್ಲದ್ದನ್ನ ನೀನು ಹೇಗೆ ಕೊಡ್ತೀಯಮ್ಮಾ? ಈ ಹಕ್ಕು ನಿನಗೊಬ್ಬಳಿಗೇ ಅಂತ ಮಾಡಿದ್ದಲ್ಲ. ನೀನು ಬಿಟ್ಟುಕೊಟ್ರೆ ನಿನ್ನ ಪಕ್ಕದ ಮಶೀನಿನವಳೂ ಬಿಟ್ಟುಕೊಡ್ಬೇಕಾಗುತ್ತೆ. ಕೆಲಸ ಬೇಕು ಅಂತ ಬಂದೋರು ಇಲ್ಲ ಅಂತಾರಾ? ಅದಕ್ಕೇ ಬಿಟ್ಟುಕೊಡೋ ಅಧಿಕಾರಾನೇ ಕಾನೂನು ಕೊಟ್ಟಿಲ್ಲ. ನೀನು ಯಾವ ಮಾತಿಗೂ ತಪ್ಪಿಲ್ಲ."

ಅತ್ತೆ ಎದ್ದು ನಿಂತು ಕೈ ಮುಗಿದಳು. ಆಮೇಲೆ ಸೊಸೆಯ ತಲೆಗೆ ಮೆಲ್ಲಗೆ ಒಂದು ಮೊಟಕಿದಳು. "ಕೇಳಿಸ್ತಾ? ನಾನು ಹೇಳಿದ್ರೆ ಕೇಳ್ತಿರ್ಲಿಲ್ಲ!"

ಎಲ್ಲರೂ ಏಳುವಾಗ ಸಹಿಯಕ್ಕ ಮಾತ್ರ ಕೂತೇ ಇದ್ದಳು. "ಮೇಡಂ, ಒಂದು ಕೇಳ್ಲಾ? ಈ ಕಾನೂನು ಯಾವಾಗಿಂದ ಇದೆ?"

"ಅಯ್ಯೋ, ನಾವ್ಯಾರೂ ಕೆಲಸಕ್ಕೆ ಸೇರೋ ಮುಂಚಿಂದ."

"ಅಂದ್ರೆ, ಇಪ್ಪತ್ತು ವರ್ಷದ ಹಿಂದೇನೂ..."

"ಆಗಲೂ ಇಷ್ಟೇ. ಯಾಕೆ?"

"ಏನಿಲ್ಲ" ಎಂದು ಹೊರಗೆ ಬಂದಳು. ಮೆಟ್ಟಿಲ ತಿರುವಿನಲ್ಲಿ ಗೋಡೆಗೊರಗಿ ನಿಂತಳು. ಅಳು ಬರುತ್ತದೆಂದುಕೊಂಡರೆ ಬಂದದ್ದು ಕೆಂಡದಂಥ ಸಿಟ್ಟು. ಗುಮಾಸ್ತರ ಮೇಲೆ, ಫಾರಮ್ಮಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮುತ್ತಿನಂಥ ಅಕ್ಷರದ ಮೇಲೆ. ತನಗೆ ಓದಿ ಹೇಳಲಿಲ್ಲ, ಅದೇ ಅನ್ಯಾಯ ಅಂದುಕೊಂಡಿದ್ದಳು. ಅಲ್ಲವಂತೆ. ಆ ಸಾಲು ಅಲ್ಲಿ ಇದ್ದದ್ದೇ ಅನ್ಯಾಯವಂತೆ. ಎಷ್ಟು ಹುಡುಗಿಯರು ತನ್ನ ಮೇಜಿನ ಮುಂದೆ ಅದನ್ನು ಬಾಯಿಬಿಟ್ಟು ಹೇಳಿ, ಐದನೆಯ ತಿಂಗಳಿಗೆ ಡಬ್ಬಿ ಚೀಲ ಎತ್ತಿಕೊಂಡು ಗೇಟು ದಾಟಿಲ್ಲ! ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂತು. ಅಳು ಆಗ ಬಂತು.

ಭುಜದ ಮೇಲೆ ಕೈ ಬಿತ್ತು. ಅತ್ತೆ. "ಬೈದೆ ಅಂತ ಬೇಜಾರಾ?"

"ಇಲ್ಲಮ್ಮ. ಇನ್ನೊಂದಿಷ್ಟು ಬೈಯ್ಯಬೇಕಿತ್ತು ನೀವು. ಇಪ್ಪತ್ತು ವರ್ಷ ಮುಂಚೆ ಬಂದು."

ಸಹಿಯಕ್ಕ ಮೂಗು ಒರೆಸಿಕೊಂಡು ಮತ್ತೆ ಒಳಗೆ ಹೋದಳು. ಹೀಗೆ ಬಿಟ್ಟುಹೋದವರಿಗೆ ಏನಾದರೂ ದಾರಿಯಿದೆಯೇ ಎಂದು ಕೇಳಿದಳು. ಬಹಳ ಹಳೆಯದಕ್ಕೆ ಅವಧಿ ಮೀರಿದೆ, ಇತ್ತೀಚಿನವರಿದ್ದರೆ ತಡಮಾಡದೆ ಬಂದು ಅರ್ಜಿ ಕೊಡಲಿ, ನೋಡೋಣ ಎಂದರು ಅಧಿಕಾರಿಣಿ. ಅಂದೇ ಮನೆಗೆ ಹೋಗಿ ಹಿಂದಿನ ವರ್ಷ ಬಿಟ್ಟುಹೋದ ಇಬ್ಬರಿಗೆ ಪತ್ರ ಬರೆದಳು. ಒಬ್ಬಳು ಮಗು ಎತ್ತಿಕೊಂಡು ಕಚೇರಿಗೆ ಹೋದಳೆಂದು ಆಮೇಲೆ ತಿಳಿಯಿತು. ಇನ್ನೊಬ್ಬಳು ಊರು ಬಿಟ್ಟಿದ್ದಳು, ಪತ್ರ ವಾಪಸು ಬಂತು. ಸಹಿಯಕ್ಕ ಅದನ್ನು ಮೇಜಿನ ಖಾನೆಯಲ್ಲಿಟ್ಟುಕೊಂಡಿದ್ದಾಳೆ, ವಿಳಾಸ ಸಿಕ್ಕರೆ ಕಳಿಸಲು.

ಆದೇಶ ಲಿಖಿತವಾಗಿ ಬಂತು. ತೆಗೆದುಹಾಕಿದ ಪತ್ರ ಸಲ್ಲದು, ಹುಡುಗಿಯನ್ನು ಅದೇ ಕೆಲಸಕ್ಕೆ ತೆಗೆದುಕೊಳ್ಳಬೇಕು, ಸಂಬಳ ಸಹಿತ ರಜೆ ಕೊಡಬೇಕು, ಹದಿನಾಲ್ಕನೆಯ ಷರತ್ತು ಯಾರ ಮೇಲೂ ಜಾರಿಯಾಗದೆಂದು ಎಲ್ಲರಿಗೂ ತಿಳಿಸಬೇಕು. ಒಪ್ಪಿಗೆಯಿಲ್ಲದಿದ್ದರೆ ಮೇಲ್ಮನವಿ ಹಾಕಬಹುದೆಂದೂ ಇತ್ತು. ದೊಡ್ಡ ಕಚೇರಿಯವರು ತಮ್ಮ ವಕೀಲರನ್ನು ಕೇಳಿದರು. ಅವರು ಸುಮ್ಮನಿರಿ ಎಂದರಂತೆ. ಸುಮ್ಮನಾದರು.

ಎಲ್ಲರಿಗೂ ತಿಳಿಸುವ ಕೆಲಸ ಯಾರದು ಹೇಳಿ? ಮ್ಯಾನೇಜರು ಗೋಡೆಗೆ ಅಂಟಿಸಿದರೆ ಸಾಕೆಂದರು. ಸಹಿಯಕ್ಕ ಮಧ್ಯಾಹ್ನದ ಬಿಡುವಿನಲ್ಲಿ ಸ್ಟೂಲು ಹತ್ತಿ ನಿಂತು ಗಟ್ಟಿಯಾಗಿ ಓದಿದಳು. ಮುಗಿಸಿ, ಬೆರಳಿಟ್ಟುಕೊಂಡು ಕೇಳಿದಳು, "ಏನು ಅರ್ಥ ಆಯ್ತು? ಹೂಂ ಅಂದ್ರೆ ಸಾಲದು!" ಹಿಂದಿನ ಸಾಲಿನಿಂದ ಗುಂಡಿ ಹಾಕುವ ಹೆಂಗಸೊಬ್ಬಳು ಕೂಗಿದಳು, "ಮಗು ಆದ್ರೂ ನಾವಿಲ್ಲೇ ಇರ್ತೀವಿ ಅಂತ!" ಆ ನಗೆಗೆ ಮಶೀನುಗಳ ಮೇಲಿದ್ದ ಕತ್ತರಿಗಳೆಲ್ಲ ಅದುರಿದವು.

ಹೊಸ ಫಾರಮ್ಮು ಅಚ್ಚಾಗಿ ಬರುವ ತನಕ ಹಳೆಯದರಲ್ಲೇ ಹದಿನಾಲ್ಕನ್ನು ಅಳತೆಪಟ್ಟಿ ಇಟ್ಟು ಹೊಡೆದುಹಾಕಿ ಬಳಸಿದರು. ಸಹಿಯಕ್ಕ ಹೊಡೆದುಹಾಕಿದ್ದನ್ನೂ ಬಿಡದೆ ಓದುತ್ತಿದ್ದಳು. ಯಾಕೆ ಹೊಡೆದುಹಾಕಿದೆ ಎಂಬುದನ್ನೂ ಅವರ ಬಾಯಲ್ಲೇ ಹೇಳಿಸುತ್ತಿದ್ದಳು. ಈಗ ಒಬ್ಬರಿಗೆ ಐವತ್ತು ನಿಮಿಷ. ಮೇಲ್ವಿಚಾರಕರು ಗೊಣಗುವುದನ್ನೇ ಬಿಟ್ಟರು.

ಮೂರು ತಿಂಗಳು ಕಳೆದು ಕಾಲರ್ ತುಂಬಿದ ಹೊಟ್ಟೆ ಹೊತ್ತು ಮೇಜಿನ ಮುಂದೆ ಬಂದು ಕೂತಳು, ರಜೆಯ ಅರ್ಜಿಗೆ ಸಹಿ ಹಾಕಲು. ಅವಳಿಗೆ ಓದಲು ಬರುತ್ತದೆ. ಆದರೂ ಸಹಿಯಕ್ಕ ಕನ್ನಡಕ ಏರಿಸಿ, ಒಂದೊಂದು ಸಾಲೂ ಓದಿದಳು. ಯಾವ ತಾರೀಕಿನಿಂದ ರಜೆ, ಯಾವ ತಾರೀಕಿಗೆ ಹಾಜರು, ಯಾವ ಸಾಲು, ಯಾವ ಮಶೀನು. ಓದಿ ಬೆರಳಿಟ್ಟುಕೊಂಡಳು.

"ಏನು ಅರ್ಥ ಆಯ್ತು? ನಿನ್ನ ಬಾಯಲ್ಲಿ ಹೇಳು."

"ಮಗು ನೋಡ್ಕೊಂಡು ಮನೇಲಿರ್ತೀನಿ. ಆಮೇಲೆ ಹನ್ನೆರಡನೇ ತಾರೀಕು ಬರ್ತೀನಿ. ನನ್ನ ಮಶೀನು ನಂಗೇ." ಹುಡುಗಿ ತಡೆದು ಕೇಳಿದಳು, "ಅಲ್ವಾ ಅಕ್ಕ?"

"ಇನ್ನೊಂದ್ಸಲ ಹೇಳು."

"ನನ್ನ ಮಶೀನು ನಂಗೇ."

ಸಹಿಯಕ್ಕ ದಾರದ ಪೆನ್ನು ಎಳೆದುಕೊಂಡಳು. ಈ ಸಲ ಅಕ್ಷರ ಎಂದಿನಷ್ಟು ಮುತ್ತಾಗಿ ಬರಲಿಲ್ಲ. 'ಓದಿ ಹೇಳಲಾಗಿದೆ' ಎಂದು ಬರೆದಳು. ಮುಂದಿನ ಮಾತು ಬರೆಯುವ ಮೊದಲು ಒಂದು ಗಳಿಗೆ ನಿಂತು, ಇಪ್ಪತ್ತು ವರ್ಷದ ಹಿಂದೆ ಇದೇ ಮೇಜಿನ ಆಚೆ ಕಡೆ ನಿಂತಿದ್ದ ಒಬ್ಬ ಕಾಲರ್ ಹುಡುಗಿಯನ್ನು ನೆನೆದಳು. ಆಮೇಲೆ ಅವಳಿಗೂ ಸೇರಿಸಿ 'ಅರ್ಥವಾಗಿದೆ' ಎಂದು ಬರೆದು, ಸಹಿ ಹಾಕಿದಳು.